ಗಂಟಲಮಾರಿ: ಬೂದುಬಣ್ಣದ ಪೊರೆಯೂ ಮರುಲಸಿಕೆಯೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಗಂಟಲು ನೋವು ಬಾರದ ಮನೆಯಿಲ್ಲ. ಅದು ಬಂದಾಗ ಉಪ್ಪುನೀರು ಮುಕ್ಕಳಿಸುವುದು, ಅರಿಸಿನದ ಹಾಲು ಕುಡಿಸುವುದು, ಎರಡು ದಿನ ಕಾದು ನೋಡುವುದು ನಮ್ಮ ಜನರ ವಾಡಿಕೆ. ನೂರರಲ್ಲಿ ಬಹುಪಾಲು ಗಂಟಲು ನೋವುಗಳಿಗೆ ಇಷ್ಟೇ ಸಾಕಾಗುವುದೂ ಉಂಟು. ಆದರೆ ಒಂದು ಗಂಟಲು ನೋವು ಮಾತ್ರ ಕಾಯುವವರ ಕೈಯಿಂದ ಮಗುವನ್ನು ಕಸಿದುಕೊಂಡು ಹೋಗತಕ್ಕದ್ದು. ಅದನ್ನು ವೈದ್ಯರು ಡಿಫ್ತೀರಿಯಾ ಎಂದೂ ಜನರು ಗಂಟಲಮಾರಿ ಎಂದೂ ಕರೆಯುವರು.

ಅದು ಬರುವ ಬಗೆಯನ್ನು ಎಂಟು ವರ್ಷದ ಬಾಲಕನೊಬ್ಬನ ಉದಾಹರಣೆಯಿಂದ ತಿಳಿಯಬಹುದು. ಮೊದಲನೆಯ ದಿನ ಅವನಿಗೆ ನುಂಗುವಾಗ ಸ್ವಲ್ಪ ನೋವು, ಮೈ ಸ್ವಲ್ಪ ಬೆಚ್ಚಗೆ. ಎರಡನೆಯ ದಿನ ಜ್ವರವೇನೂ ಏರುವುದಿಲ್ಲ. ಆದರೆ ಹುಡುಗನು ಬಿಳಚಿಕೊಂಡು, ಆಟ ಬಿಟ್ಟು, ಮೂಲೆ ಹಿಡಿದು ಮಲಗುತ್ತಾನೆ. ಜ್ವರಕ್ಕೂ ನಿತ್ರಾಣಕ್ಕೂ ಹೊಂದಿಕೆಯಿಲ್ಲದಿರುವುದೇ ಈ ರೋಗದ ಮೊದಲ ಸುಳಿವು. ಸಾಮಾನ್ಯವಾದ ಗಂಟಲ ಬಾವಿನಲ್ಲಿ ಜ್ವರವು ಥಟ್ಟನೆ ಏರುವುದರಿಂದ ತಾಯ್ತಂದೆಗಳು ಬೆದರಿ ವೈದ್ಯರಲ್ಲಿಗೆ ಓಡುವರು. ಇಲ್ಲಿ ಜ್ವರ ಕಡಿಮೆಯಾದುದರಿಂದಲೇ ಮೋಸಹೋಗುವರು.

ಮೂರನೆಯ ದಿನ ಬಾಯಿ ತೆರೆಸಿ ಬೆಳಕು ಹಿಡಿದು ನೋಡಿದರೆ, ಗಂಟಲಿನ ಪಕ್ಕದ ಗ್ರಂಥಿಯ ಮೇಲೆ ಬೂದುಬಣ್ಣದ ತೊಗಲಿನಂತಹ ಪೊರೆಯೊಂದು ಕಾಣುವುದು. ಸಾಧಾರಣ ಬಾವಿನ ಕೀವು ಗ್ರಂಥಿಯ ಮೇಲೆ ಚುಕ್ಕೆಚುಕ್ಕೆಯಾಗಿದ್ದು, ಒರೆಸಿದರೆ ಬರುವುದು. ಈ ಪೊರೆಯಾದರೋ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುವುದು. ಎಬ್ಬಿಸಹೋದರೆ ರಕ್ತ ಸುರಿಯುವುದು. ಅದು ಗ್ರಂಥಿಯ ಎಲ್ಲೆಯನ್ನು ಮೀರಿ ಕಿರುನಾಲಗೆಗೂ ಅಂಗುಳಿಗೂ ಹಬ್ಬುವುದು. ಬಾಯಿಂದ ದುರ್ವಾಸನೆ ಹೊರಡುವುದು. ರೋಗವು ಬಲವಾಗಿದ್ದರೆ ಕತ್ತು ಗೂಳಿಯ ಕತ್ತಿನಂತೆ ಊದುವುದು. ಪೊರೆಯು ಧ್ವನಿಪೆಟ್ಟಿಗೆಗೆ ಇಳಿದರೆ ದನಿ ಒಡೆದು, ಉಸಿರೆಳೆದಾಗಲೆಲ್ಲ ಕರ್ಕಶ ಶಬ್ದವಾಗುವುದು. ಇಂತಹ ಸಮಯದಲ್ಲಿ 'ಕಿರುನಾಲಗೆ ಬಿದ್ದಿದೆ' ಎಂದು ಬೆರಳು ಹಾಕಿ ಎತ್ತಿಸುವುದಾಗಲಿ, ಪೊರೆಯನ್ನು ಬಟ್ಟೆಯಿಂದ ಕೀಳುವುದಾಗಲಿ ಕೂಡದು. ರಕ್ತ ಸುರಿಯುವುದಲ್ಲದೆ, ಕಿತ್ತ ತುಣುಕು ಉಸಿರ್ದಾರಿಯನ್ನೇ ಮುಚ್ಚಬಹುದು.

ಆದರೆ ಪೊರೆಯು ಕಣ್ಣಿಗೆ ಕಾಣುವ ಶತ್ರು ಮಾತ್ರ. ಕಾಣದ ಶತ್ರು ಬೇರೆ ಇದೆ. ಈ ರೋಗದ ಸೂಕ್ಷ್ಮಜಂತು ಬಹುಮಟ್ಟಿಗೆ ಗಂಟಲಿನಲ್ಲಿಯೇ ಉಳಿದು, ಅಲ್ಲಿಂದ ಒಂದು ವಿಷವನ್ನು ರಕ್ತಕ್ಕೆ ಹರಿಯಬಿಡುವುದು. 1888ರಲ್ಲಿ ಪ್ಯಾರಿಸಿನ ರೂ ಮತ್ತು ಯೆರ್ಸಿನ್ ಎಂಬ ವಿಜ್ಞಾನಿಗಳು ಜಂತುಗಳನ್ನು ಸೋಸಿ ತೆಗೆದ ದ್ರವದಿಂದಲೇ ಪ್ರಾಣಿಗಳಿಗೆ ಮೃತ್ಯು ಬರುವುದೆಂದು ತೋರಿಸಿ ಈ ವಿಷವನ್ನು ಕಂಡುಹಿಡಿದರು. ಅದು ಶರೀರದ ಜೀವಕೋಶವನ್ನು ಹೊಕ್ಕು, ಪ್ರೋಟೀನು ತಯಾರಾಗುವ ಕೆಲಸವನ್ನೇ ನಿಲ್ಲಿಸುವುದು. ಹೃದಯದ ಮಾಂಸವೂ ನರಗಳೂ ಅದರ ಮುಖ್ಯ ಗುರಿಗಳು. ಆದಕಾರಣ ಗಂಟಲು ತಿಳಿಯಾಯಿತೆಂದು ಮನೆಯವರು ಸಂತೋಷಪಡುತ್ತಿರುವ ಎರಡನೆಯ ವಾರದಲ್ಲಿ ಮಗುವಿನ ಹೃದಯ ಇದ್ದಕ್ಕಿದ್ದಂತೆ ಸೋಲಬಹುದು. ಕೆಲವರಿಗೆ ಅಂಗುಳು ಸೋತು ಮಾತು ಮೂಗಿನಿಂದ ಬರುವುದು, ಕುಡಿದ ನೀರು ಮೂಗಿನಿಂದ ಹೊರಡುವುದು; ಕೆಲವು ವಾರಗಳ ಮೇಲೆ ಕೈಕಾಲುಗಳೂ ಸೋಲುವುದುಂಟು.

ಈ ವಿಷಕ್ಕೆ ಪ್ರತಿವಿಷವುಂಟು. ಕುದುರೆಗಳ ರಕ್ತದಿಂದ ತೆಗೆದ ಸೀರಮ್ಮೇ ಅದು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಇವರು ಇಂತಹ ಪ್ರತಿವಿಷದ ತತ್ತ್ವವನ್ನು ಪ್ರಕಟಿಸಿದರು. 1901ರಲ್ಲಿ ಬೇರಿಂಗರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಪ್ರತಿವಿಷಕ್ಕೆ ಒಂದು ಮಿತಿಯಿದೆ. ರೋಗದ ಗುಟ್ಟೆಲ್ಲ ಅದರಲ್ಲಿಯೇ ಇದೆ. ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನು ಅದು ಹಿಡಿಯಬಲ್ಲದು. ಜೀವಕೋಶದ ಒಳಹೊಕ್ಕ ವಿಷವನ್ನು ಹೊರಡಿಸಲಾರದು. ಪೆನಿಸಿಲಿನ್ ಮೊದಲಾದ ಔಷಧಗಳು ಜಂತುವನ್ನು ಕೊಂದು ಮುಂದಿನ ವಿಷವನ್ನು ತಡೆಯುವುವು. ಆಗಲೇ ಹೊರಟ ವಿಷವನ್ನು ಮುಟ್ಟಲಾರವು. ಆದುದರಿಂದಲೇ ಇಲ್ಲಿ ದಿನಗಳಲ್ಲ, ಗಂಟೆಗಳು ಲೆಕ್ಕಕ್ಕೆ ಬರುವುದು. ಎರಡು ದಿನದೊಳಗಿನ ಗಂಟಲ ರೋಗಕ್ಕೆ 20,000ದಿಂದ 40,000 ಘಟಕಗಳ ಪ್ರತಿವಿಷವನ್ನು ಕೊಡುವರು. ಮೂರು ದಿನ ಕಳೆದು ಕತ್ತು ಊದಿದ್ದರೆ 80,000ಕ್ಕೆ ಮೇಲ್ಪಟ್ಟು ಬೇಕಾಗುವುದು, ಆಗಲೂ ಫಲ ನಿಶ್ಚಿತವಲ್ಲ. ಗಂಟಲಿನ ದ್ರವವನ್ನು ಪರೀಕ್ಷೆಗೆ ತೆಗೆದುಕೊಂಡರೂ, ಅದರ ಫಲಿತಾಂಶಕ್ಕಾಗಿ ವೈದ್ಯರು ಕಾಯದೆ ಚಿಕಿತ್ಸೆ ಆರಂಭಿಸುವುದು ಇದಕ್ಕಾಗಿಯೇ. ಕುದುರೆಯ ಸೀರಮ್ ಕೆಲವರ ಮೈಗೆ ಒಗ್ಗದಿರುವುದರಿಂದ ಮೊದಲು ಅಲ್ಪವನ್ನು ಕೊಟ್ಟು ಪರೀಕ್ಷಿಸಬೇಕು. ಆದುದರಿಂದ ಇದು ದೊಡ್ಡ ಆಸ್ಪತ್ರೆಯ ಕೆಲಸ. ಪೊರೆ ಕಂಡ ಮಗುವನ್ನು ನೇರವಾಗಿ ಅಲ್ಲಿಗೇ ಒಯ್ಯಬೇಕು.

ಹಾಗಾದರೆ ಶೈಶವದಲ್ಲಿ ಲಸಿಕೆ ಹಾಕಿಸಿದವರಿಗೆ ಈ ಭಯವೇಕೆಂದು ಪ್ರಶ್ನೆ ಹುಟ್ಟುವುದು ಸಹಜ. ಲಸಿಕೆಯೆಂದರೆ ಕೊಲ್ಲುವ ಗುಣವನ್ನು ಕಳೆದ ಆ ವಿಷವೇ. 1923ರಲ್ಲಿ ಫ್ರಾನ್ಸಿನ ರಾಮೋನ್ ಎಂಬವರು ಫಾರ್ಮಲಿನ್ನಿನಿಂದಲೂ ಶಾಖದಿಂದಲೂ ಅದನ್ನು ಹಾಗೆ ಪಳಗಿಸಿದರು. ಅದನ್ನು ಕಂಡ ಶರೀರವು ತಾನೇ ಪ್ರತಿವಿಷವನ್ನು ಮಾಡಿಕೊಳ್ಳುವುದು. ಆದರೆ ಹಾಗೆ ಕೂಡಿಟ್ಟ ಪ್ರತಿವಿಷವು ಕಣಜದ ಧಾನ್ಯದಂತೆ ವರ್ಷವರ್ಷಕ್ಕೂ ಕರಗುತ್ತ ಬರುವುದು. ಹಿಂದೆ ಊರಿನಲ್ಲಿ ಜಂತುವು ಸುಳಿದಾಡುತ್ತಿದ್ದಾಗ, ಅದರ ಅಲ್ಪಸ್ವಲ್ಪ ಸಂಪರ್ಕದಿಂದಲೇ ಹಿರಿಯರ ಕಣಜ ಮತ್ತೆ ತುಂಬುತ್ತಿತ್ತು. ಲಸಿಕೆಯು ಜಂತುವನ್ನು ವಿರಳಗೊಳಿಸಿದ ಮೇಲೆ ಈ ತುಂಬಿಕೆ ನಿಂತಿತು. ಈಗ ಮರುಲಸಿಕೆಯೇ ಅದನ್ನು ತುಂಬಬೇಕು.

ಇದನ್ನು ಮರೆತರೆ ಏನಾಗುವುದೆಂಬುದಕ್ಕೆ ಸೋವಿಯೆತ್ ಒಕ್ಕೂಟವಾಗಿದ್ದ ದೇಶಗಳೇ ಸಾಕ್ಷಿ. ಅಲ್ಲಿ ಈ ರೋಗವು ಬಹುಮಟ್ಟಿಗೆ ಅಡಗಿತ್ತು. ಬಳಿಕ ಮಕ್ಕಳ ಲಸಿಕೆ ಕುಂಠಿತವಾಯಿತು, ವಯಸ್ಕರ ಶಕ್ತಿ ಕರಗಿತ್ತು, ಜನರ ವಲಸೆ ಹೆಚ್ಚಿತು. 1990ರಿಂದ 1998ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ರೋಗಕ್ಕೆ ಸಿಕ್ಕಿದರು, ಸುಮಾರು 5,000 ಮಂದಿ ಮೃತರಾದರು. ರೋಗಿಗಳಲ್ಲಿ ಹೆಚ್ಚಿನವರು ಕೂಸುಗಳಲ್ಲ, ಹದಿಹರೆಯದವರೂ ವಯಸ್ಕರೂ. ಮಕ್ಕಳೊಡನೆ ವಯಸ್ಕರಿಗೂ ಸಾಮೂಹಿಕವಾಗಿ ಲಸಿಕೆ ಹಾಕಿದ ಮೇಲೆಯೇ ರೋಗ ಇಳಿಯಿತು.

ನಮ್ಮ ದೇಶದ ಲಸಿಕಾ ಕ್ರಮದಲ್ಲಿ 6, 10, 14ನೆಯ ವಾರಗಳಲ್ಲಿ ಮೂರು ಚುಚ್ಚುಮದ್ದುಗಳು, ಅದು ಅಡಿಪಾಯ. 16ರಿಂದ 24 ತಿಂಗಳೊಳಗೆ ಒಂದು, 5-6ನೆಯ ವಯಸ್ಸಿನಲ್ಲಿ ಇನ್ನೊಂದು, 10ರಲ್ಲಿ ಮತ್ತು 16ರಲ್ಲಿ ಒಂದೊಂದು ಮರುಲಸಿಕೆ, ಗರ್ಭಿಣಿಯರಿಗೂ ಉಂಟು. ಹತ್ತರ ಮೇಲೆ ಕೊಡುವುದಕ್ಕೆ ಟಿ.ಡಿ. ಎಂದು ಹೆಸರು; ದೊಡ್ಡವರಿಗಾಗಿ ಅದರಲ್ಲಿ ಗಂಟಲಮಾರಿಯ ಅಂಶವನ್ನು ಕಡಿಮೆ ಮಾಡಿದೆ. ಗಾಯವಾದಾಗ ಹಾಕಿಸಿಕೊಂಡ ಹಳೆಯ ಟಿ.ಟಿ. ಸೂಜಿ ಧನುರ್ವಾಯುವಿಗೆ ಮಾತ್ರ. ಅದರಲ್ಲಿ ಗಂಟಲಮಾರಿಯ ರಕ್ಷಣೆಯಿಲ್ಲ. ಈ ಭೇದ ಅರಿಯದೆ 'ಸೂಜಿಯಾಗಿದೆ' ಎಂದು ನಿಶ್ಚಿಂತರಾಗಿರುವವರು ಅನೇಕರು.

ಲಸಿಕೆಯು ವಿಷದಿಂದ ರಕ್ಷಿಸುವುದಲ್ಲದೆ, ಜಂತುವು ಗಂಟಲಿನಲ್ಲಿ ನೆಲಸುವುದನ್ನು ಪೂರ್ಣವಾಗಿ ತಡೆಯಲಾರದು. ಆದುದರಿಂದ ಲಸಿಕೆಯಾದವನು ತಾನು ಆರೋಗ್ಯವಾಗಿದ್ದು ಲಸಿಕೆಯಿಲ್ಲದ ಪಕ್ಕದವನಿಗೆ ಅದನ್ನು ದಾಟಿಸಬಹುದು. ಹತ್ತರಿಂದ ಹದಿನಾರು ವರ್ಷದ ಹುಡುಗರು ಒಂದೇ ಸಾಲಿನಲ್ಲಿ ಉಂಡು, ಒಂದೇ ಕೋಣೆಯಲ್ಲಿ ಮಲಗುವ ಪ್ರಸಾದ ನಿಲಯಗಳಿಗೆ ಈ ಮಾತು ಮುಖ್ಯವಾಗಿ ಸಲ್ಲುವುದು. ಅಲ್ಲಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವಾಗ ಜಾತಿಪತ್ರ, ಅಂಕಪತ್ರಗಳನ್ನು ಕೇಳುವಂತೆ ಲಸಿಕೆಯ ಚೀಟಿಯನ್ನೂ ಕೇಳಿ, ತಪ್ಪಿದ್ದರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪೂರೈಸಬಹುದು. ಒಬ್ಬನಿಗೆ ರೋಗ ಕಂಡರೆ ಅವನನ್ನು ಆಸ್ಪತ್ರೆಗೆ ಕಳುಹಿಸಿ, ಜೊತೆಯವರೆಲ್ಲರ ಗಂಟಲನ್ನು ವೈದ್ಯರಿಂದ ಪರೀಕ್ಷಿಸಿ, ಅವರು ಹೇಳಿದ ಔಷಧವನ್ನೂ ಮರುಲಸಿಕೆಯನ್ನೂ ಕೊಡಿಸಬೇಕು. ಗುಣವಾದ ಬಾಲಕನಿಗೂ ಲಸಿಕೆ ತಪ್ಪದು. ರೋಗ ಬಂದುಹೋದ ಮಾತ್ರಕ್ಕೆ ಅದರಿಂದ ಶಾಶ್ವತವಾದ ರಕ್ಷಣೆ ದೊರೆಯುವುದೆಂಬ ಭರವಸೆಯಿಲ್ಲ.

ತಾಯಂದಿರು ಮನೆಗೆ ಒಯ್ಯಬೇಕಾದ ಮಾತು ಎರಡೇ. ಗಂಟಲು ನೋವೆಂದ ಮಗುವಿನ ಬಾಯನ್ನು ಬೆಳಕಿನಲ್ಲಿ ನೋಡಬೇಕು. ಬೂದುಬಣ್ಣದ ಪೊರೆ ಕಂಡರೆ ಬೆಳಗಾಗುವವರೆಗೂ ಕಾಯಬಾರದು.