ಗೋದಾಮಿನ ಬಾಗಿಲಲ್ಲಿ ಒಂದು ಫೋನು

"ನಮ್ಮ ಅಂಗಡಿಗೊಂದು ಆ್ಯಪ್ ಮಾಡಿಕೊಡಿ, ಸ್ಟಾಕೆಲ್ಲ ಫೋನಿನಲ್ಲೇ ಗೊತ್ತಾಗಬೇಕು." ಆ್ಯಪ್ ಬರೆಯುವವರ ಮುಂದೆ ಅಂಗಡಿ ಯಜಮಾನರು ಸಾಮಾನ್ಯವಾಗಿ ಇಡುವ ಬೇಡಿಕೆ ಇಷ್ಟೇ. ಮಾತಾಡುತ್ತ ಕೂತರೆ ಇನ್ನಷ್ಟು ಸೇರಿಕೊಳ್ಳುತ್ತದೆ. ಬಿಲ್ಲು ಬರಬೇಕು, ಜಿಎಸ್‌ಟಿ ಲೆಕ್ಕ ಬರಬೇಕು, ಬಾರ್‌ಕೋಡ್ ಇರಬೇಕು, ಕಡ ಒಯ್ದವರ ಖಾತೆ ಇರಬೇಕು, ಲಾಭ ಎಷ್ಟೆಂದು ತಿಂಗಳಿಗೊಮ್ಮೆ ತೋರಿಸಬೇಕು. ಎಲ್ಲವೂ ನ್ಯಾಯವಾದ ಆಸೆಗಳೇ. ಆದರೆ ಎಲ್ಲಕ್ಕೂ ಒಟ್ಟಿಗೆ ಕೈ ಹಾಕಿದರೆ, ಕೆಲಸ ಎಷ್ಟು ನಡೆದರೂ ಅಂಗಡಿಯಲ್ಲಿ ಬಳಸುವಂಥದ್ದು ಏನೂ ಕೈಗೆ ಬರುವುದಿಲ್ಲ. ಈ ಬೇಡಿಕೆಗಳ ರಾಶಿಯಿಂದ ಒಂದು ಸಣ್ಣ ಮೊದಲ ಆವೃತ್ತಿಯನ್ನು ಬಿಡಿಸಿಕೊಳ್ಳುವುದು ಹೇಗೆ ಎಂದು ಇವತ್ತು ನೋಡೋಣ. ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿ ಎಂದಿಟ್ಟುಕೊಳ್ಳಿ. ಮುಂದೆ ಗಲ್ಲಾಪೆಟ್ಟಿಗೆ, ಹಿಂದೆ ಗೋದಾಮು. ವೈರು, ಪೈಪು, ಮೊಳೆ, ಬಣ್ಣ, ನಲ್ಲಿ, ಎಲ್ಬೋ ಎಲ್ಲ ಸೇರಿ ಸಾವಿರಾರು ಬಗೆಯ ಸಾಮಾನು.

ಯಜಮಾನರನ್ನು "ಆ್ಯಪ್‌ನಲ್ಲಿ ಏನೇನು ಬೇಕು" ಎಂದು ಕೇಳಿದರೆ ಪಟ್ಟಿ ಬೆಳೆಯುತ್ತದೆ. "ಸ್ಟಾಕ್ ಗೊತ್ತಿಲ್ಲದೆ ಹೋದ ವಾರ ಏನು ತೊಂದರೆ ಆಯಿತು" ಎಂದು ಕೇಳಿದರೆ ಪಟ್ಟಿ ಕುಗ್ಗುತ್ತದೆ. ಉತ್ತರ ಹೀಗಿರಬಹುದು: "ಗಿರಾಕಿ ಬಂದು ಒಂದೂವರೆ ಎಂಎಂ ಕೆಂಪು ವೈರು ಕೇಳಿದರು. ಇದೆ ಅಂದುಕೊಂಡು ಒಳಗೆ ಹೋದರೆ ಒಂದು ಬಂಡಲ್ಲೂ ಇರಲಿಲ್ಲ. ಮಾಲಿನ ಗಾಡಿ ಬರೋದು ಗುರುವಾರ. ಅವರು ಎದುರಂಗಡಿಗೆ ಹೋದರು." ನಮಗೆ ಬೇಕಾದ ಪ್ರಶ್ನೆ ಇದರಲ್ಲಿದೆ. ಗುರುವಾರದ ಗಾಡಿಗೆ ಏನು ಬರೆಸಬೇಕು? ಮೊದಲ ಆವೃತ್ತಿ ಈ ಒಂದು ಪ್ರಶ್ನೆಗೆ ಬುಧವಾರ ಸಂಜೆ ಸರಿಯಾದ ಉತ್ತರ ಕೊಟ್ಟರೆ ಸಾಕು.

ಪ್ರಶ್ನೆ ಖಚಿತವಾದ ಕೂಡಲೇ ಬೇಡದ್ದು ತಾನಾಗಿಯೇ ಉದುರತೊಡಗುತ್ತದೆ. ವೈರನ್ನೇ ನೋಡಿ. ಒಂದು ಬಂಡಲ್ ಎಂದರೆ 90 ಮೀಟರ್. ಗಿರಾಕಿಗಳು ಐದು ಮೀಟರ್, ಹದಿನೈದು ಮೀಟರ್ ಕತ್ತರಿಸಿ ಒಯ್ಯುತ್ತಾರೆ. ಮೀಟರಿನ ಲೆಕ್ಕ ಇಡಲು ಹೊರಟರೆ ತೊಡಕು ಶುರು. ಆ್ಯಪ್ 60 ಮೀಟರ್ ಇದೆ ಎನ್ನುತ್ತದೆ. ಆದರೆ ಅದು 25, 20, 15 ಮೀಟರಿನ ಮೂರು ತುಂಡಾಗಿ ಬಿದ್ದಿದ್ದರೆ, 40 ಮೀಟರ್ ಒಂದೇ ಎಳೆ ಕೇಳಿದವರಿಗೆ ಕೊಡಲು ಆಗುವುದಿಲ್ಲ. ಮೊಳೆಗೆ ಕಿಲೋ ಲೆಕ್ಕ, ಪೈಪಿಗೆ ಉದ್ದದ ಲೆಕ್ಕ, ಎಲ್ಲಕ್ಕೂ ಇಂಥದೇ ಪಾಡು. ಆದರೆ ಗುರುವಾರದ ಗಾಡಿಗೆ ಬರೆಸುವಾಗ ಯಾರೂ ಮೀಟರಿನಲ್ಲಿ ಬರೆಸುವುದಿಲ್ಲ, ಬಂಡಲಿನಲ್ಲೇ ಬರೆಸುತ್ತಾರೆ. ಹಾಗಾಗಿ ಮೊದಲ ಆವೃತ್ತಿಯಲ್ಲಿ ಒಡೆಯದ ಬಂಡಲ್, ಒಡೆಯದ ಪೆಟ್ಟಿಗೆ, ಒಡೆಯದ ಚೀಲ ಇಷ್ಟನ್ನೇ ಎಣಿಸಿದರಾಯಿತು. ಗೋದಾಮಿನಿಂದ ಮುಂದಿನ ಕೌಂಟರಿಗೆ ಬಂದದ್ದು ಖರ್ಚಾಯಿತು ಎಂದೇ ಲೆಕ್ಕ.

ಈ ತೀರ್ಮಾನದಿಂದ ಇನ್ನೊಂದು ದೊಡ್ಡ ಅನುಕೂಲವಿದೆ. ಅಂಗಡಿ ಆ್ಯಪ್‌ಗಳು ಹೆಚ್ಚಾಗಿ ಸೋಲುವುದು ಸಂಜೆ ಗಿರಾಕಿಗಳು ಮುತ್ತಿಕೊಂಡ ಹೊತ್ತಿನಲ್ಲಿ. ಎರಡು ಎಲ್ಬೋ, ಕಾಲು ಕಿಲೋ ಮೊಳೆ ಕೊಡುವಾಗ ಪ್ರತಿಯೊಂದನ್ನೂ ಫೋನಿನಲ್ಲಿ ಒತ್ತುತ್ತ ನಿಲ್ಲಲು ಯಾರಿಗೂ ಪುರಸೊತ್ತಿಲ್ಲ. ಗೋದಾಮಿನಿಂದ ಪೆಟ್ಟಿಗೆ ಹೊರಬರುವುದು ದಿನಕ್ಕೆ ಕೆಲವು ಸಲ ಮಾತ್ರ. ಬರೆಯುವ ಕೆಲಸವನ್ನು ಅಲ್ಲಿಗೆ ಒಯ್ದರೆ ಬರೆಯುವುದು ತಪ್ಪುವುದಿಲ್ಲ. ಒಂದು ಹಳೆಯ ಫೋನನ್ನು ಗೋದಾಮಿನ ಬಾಗಿಲ ಪಕ್ಕದಲ್ಲೇ ತೂಗುಹಾಕಬಹುದು. ಒಂದೇ ಫೋನಾದ್ದರಿಂದ ಲಾಗಿನ್, ಪಾಸ್‌ವರ್ಡ್ ಬೇಡ. ಗೋದಾಮಿನೊಳಗೆ ನೆಟ್‌ವರ್ಕ್ ಸಿಗದಿರಬಹುದು, ಆದ್ದರಿಂದ ಲೆಕ್ಕವೆಲ್ಲ ಫೋನಿನಲ್ಲೇ ಇರಲಿ.

ಈಗ ಮೊದಲ ಆವೃತ್ತಿಯ ಕೆಲಸಗಳ ಪಟ್ಟಿ ಬರೆಯೋಣ. "ಸ್ಟಾಕ್ ನಿರ್ವಹಣೆ" ಎಂದು ಬರೆದರೆ ಅದು ಆಯಿತೋ ಇಲ್ಲವೋ ಎಂದು ಪರೀಕ್ಷಿಸಿ ನೋಡಲು ಬರುವುದಿಲ್ಲ. ಒಬ್ಬರು ಮಾಡುವ ಒಂದು ಕೆಲಸ, ಅದರಿಂದ ಕಣ್ಣಿಗೆ ಕಾಣುವ ಒಂದು ಫಲ, ಹೀಗೆ ಒಂದೊಂದು ವಾಕ್ಯವಿರಬೇಕು. ಮೊದಲನೆಯದು, ಸಾಮಾನಿನ ಹೆಸರು, ಎಣಿಸುವ ಬಗೆ, ಕನಿಷ್ಠ ಎಷ್ಟಿರಬೇಕು ಎಂಬ ಮೂರನ್ನು ಸೇರಿಸುವುದು. ಎರಡನೆಯದು, ಮಾಲು ಬಂದಾಗ ಬಂದದ್ದನ್ನು ಬರೆಯುವುದು. ಮೂರನೆಯದು, ಹೊರತೆಗೆದಾಗ ಹೋದದ್ದನ್ನು ಬರೆಯುವುದು. ನಾಲ್ಕನೆಯದು, ಕನಿಷ್ಠಕ್ಕಿಂತ ಕೆಳಗಿಳಿದವನ್ನು ಮಾತ್ರ ತೋರಿಸುವ ಪಟ್ಟಿ. ಐದನೆಯದು, ಕೈಯಾರೆ ಎಣಿಸಿದಾಗ ವ್ಯತ್ಯಾಸ ಕಂಡರೆ ಸರಿಪಡಿಸುವುದು. ಆರನೆಯದು, ಫೋನು ಕೆಟ್ಟರೂ ಲೆಕ್ಕ ಉಳಿಯುವಂತೆ ಎಲ್ಲವನ್ನೂ ಒಂದು ಫೈಲ್ ಮಾಡಿ ಯಜಮಾನರ ವಾಟ್ಸ್‌ಆ್ಯಪ್‌ಗೆ ಕಳಿಸುವ ಒಂದು ಗುಂಡಿ. ಸಾಮಾನಿನ ಹೆಸರನ್ನು ಪ್ರತಿಸಲ ಟೈಪ್ ಮಾಡುವಂತಿರಬಾರದು, ಪಟ್ಟಿಯಿಂದ ಆರಿಸುವಂತಿರಬೇಕು. ಇಲ್ಲದಿದ್ದರೆ "ಅರ್ಧ ಇಂಚು ಎಲ್ಬೋ", "ಎಲ್ಬೋ ಅರ್ಧ", "ಎಲ್ಬೋ ಸಣ್ಣದು" ಎಂದು ಒಂದೇ ಸಾಮಾನು ಮೂರು ಕಡೆ ಕೂತುಬಿಡುತ್ತದೆ.

ಕೆಂಪು ವೈರಿನ ಮೇಲೆ ಇದನ್ನು ನಡೆಸಿ ನೋಡಿ. ವಾರಕ್ಕೆ ಸುಮಾರು ಐದು ಬಂಡಲ್ ಖರ್ಚಾಗುತ್ತದೆ, ಗಾಡಿ ವಾರಕ್ಕೊಮ್ಮೆ ಬರುತ್ತದೆ. ಗಾಡಿ ತಡವಾದರೆ ಇರಲಿ ಎಂದು ಎರಡು ಸೇರಿಸಿ ಕನಿಷ್ಠ 7 ಎಂದು ಬರೆದೆವು. ಗೋದಾಮಿನಲ್ಲಿ 9 ಇವೆ, 3 ಹೊರಗೆ ಹೋದವು. ಆ್ಯಪ್ 6 ಎಂದು ತೋರಿಸಬೇಕು, ಕೆಂಪು ವೈರು ಬುಧವಾರದ ಪಟ್ಟಿಯಲ್ಲಿ ಕಾಣಬೇಕು. ಇಷ್ಟಾದರೆ ಕೆಲಸ ಸರಿಯಾಗಿದೆ ಎಂದು ಕಂಪ್ಯೂಟರ್ ಗೊತ್ತಿಲ್ಲದ ಯಜಮಾನರೂ ಹೇಳಬಲ್ಲರು. ಸಾವಿರಾರು ಸಾಮಾನನ್ನೂ ಮೊದಲ ದಿನವೇ ತುಂಬಿಸಬೇಕಿಲ್ಲ. ಹೆಚ್ಚು ಓಡುವ ಐವತ್ತು ಸಾಮಾನು ಸಾಕು.

ಒಳಗಿನ ಒಂದು ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೇ ಎಚ್ಚರ ಬೇಕು. 9 ಇದ್ದದ್ದನ್ನು ಅಳಿಸಿ 6 ಎಂದು ಬರೆಯುವಂತೆ ಆ್ಯಪ್ ಕಟ್ಟಬಾರದು. ಕಿರ್ದಿ ಪುಸ್ತಕದಲ್ಲಿ ಬರೆದದ್ದನ್ನು ಯಾರೂ ಅಳಿಸುವುದಿಲ್ಲ, ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿಮಾಡುತ್ತಾರೆ. ಇಲ್ಲೂ ಹಾಗೆಯೇ. ದಿನಾಂಕ, ಸಾಮಾನು, ಎಷ್ಟು ಬಂತು ಅಥವಾ ಹೋಯಿತು, ಯಾಕೆ ಎಂಬ ಸಾಲುಗಳಷ್ಟೇ ಉಳಿಯಬೇಕು. ಅವನ್ನು ಕೂಡಿ ಕಳೆದಾಗ ಬರುವುದೇ ಉಳಿಕೆ. ಎಣಿಕೆಯ ವ್ಯತ್ಯಾಸವೂ ಒಂದು ಸಾಲೇ. ಅಳಿಸಿ ಬರೆದರೆ ಎರಡು ಬಂಡಲ್ ಎಲ್ಲಿ ಹೋದವು ಎಂದು ಹುಡುಕಲು ಜಾಡೇ ಇರುವುದಿಲ್ಲ.

ಬಿಟ್ಟದ್ದನ್ನೂ ಬರೆದಿಡಬೇಕು. 1994ರಲ್ಲಿ ಡೈ ಕ್ಲೆಗ್ ರೂಪಿಸಿದ, ಸಾಫ್ಟ್‌ವೇರ್ ಕೆಲಸದವರು ಇಂದಿಗೂ ಬಳಸುವ ಒಂದು ವಿಧಾನವಿದೆ. ಅದರಲ್ಲಿ ಬೇಡಿಕೆಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಇರಲೇಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲಕ್ಕೆ ಇಲ್ಲ. ನನ್ನ ಮಟ್ಟಿಗೆ ಕೊನೆಯ ಗುಂಪೇ ಅತಿ ಮುಖ್ಯ. ಬಿಲ್ಲು, ಜಿಎಸ್‌ಟಿ, ಬಾರ್‌ಕೋಡ್, ಕಡದ ಖಾತೆ, ಲಾಭದ ಲೆಕ್ಕ ಎಲ್ಲ ಅಲ್ಲಿಗೆ. ಜಿಎಸ್‌ಟಿ ಬಿಲ್ಲೆಂದರೆ ತೆರಿಗೆಯ ದರ, ಎಚ್‌ಎಸ್‌ಎನ್ ಸಂಖ್ಯೆ, ತಪ್ಪದ ಕ್ರಮಸಂಖ್ಯೆ, ವಾಪಸು ಬಂದ ಮಾಲಿನ ಲೆಕ್ಕ. ಅದೇ ಬೇರೆ ಆ್ಯಪ್ ಆಗುವಷ್ಟು ಕೆಲಸ. ಈ ಪಟ್ಟಿಯನ್ನು ಯಜಮಾನರ ಎದುರೇ ಓದಿ ಒಪ್ಪಿಸಬೇಕು. ಆಗ ಅರ್ಧ ದಾರಿಯಲ್ಲಿ "ಬಿಲ್ಲು ಎಲ್ಲಿ" ಎಂಬ ಜಗಳ ಹುಟ್ಟುವುದಿಲ್ಲ.

ಬಳಕೆ ಶುರುವಾದ ಮೇಲೆ ಭಾನುವಾರ ಹತ್ತು ಸಾಮಾನನ್ನು ಕೈಯಾರೆ ಎಣಿಸಿ ಆ್ಯಪ್ ಜೊತೆ ಹೋಲಿಸಿ. ಆ್ಯಪ್ ಹೆಚ್ಚು ತೋರಿಸುತ್ತಿದ್ದರೆ ಹೊರತೆಗೆದದ್ದನ್ನು ಬರೆಯದೆ ಬಿಟ್ಟಿರುವ ಸಂಭವವೇ ಹೆಚ್ಚು. ಫೋನು ಬಾಗಿಲಲ್ಲಿದೆಯೋ, ಯಾರಾದರೂ ಗಲ್ಲಾದ ಹತ್ತಿರ ಒಯ್ದಿಟ್ಟಿದ್ದಾರೋ ನೋಡಿ. ಕಡಿಮೆ ತೋರಿಸುತ್ತಿದ್ದರೆ ಗುರುವಾರ ಇಳಿಸಿದ ಮಾಲನ್ನು ಪೂರ್ತಿ ಬರೆದಿರಲಿಕ್ಕಿಲ್ಲ. ಸತತ ನಾಲ್ಕು ಭಾನುವಾರ ಎಣಿಕೆ ಹೊಂದಿಕೊಂಡರೆ ಎರಡನೆಯ ಆವೃತ್ತಿಗೆ ಹೊರಡಬಹುದು. ಅದರಲ್ಲಿ ಮೊದಲು ಬರಬೇಕಾದ್ದು, ಬುಧವಾರದ ಪಟ್ಟಿಯನ್ನು ಮಾಲು ಕೊಡುವವರ ಪ್ರಕಾರ ಬೇರೆ ಬೇರೆ ಮಾಡಿ ತೋರಿಸುವ ಸೌಲಭ್ಯ. ವೈರಿನವರಿಗೂ ಪೈಪಿನವರಿಗೂ ಯಜಮಾನರು ಬೇರೆ ಬೇರೆಯಾಗಿಯೇ ಫೋನು ಮಾಡಬೇಕಲ್ಲ.