ಭಾನುವಾರ ರಾತ್ರಿಯ ಒಂದು ಹಾಳೆ



ಸಣ್ಣ ಅಂಗಡಿಯವರಿಗೆ ವಾರದ ವ್ಯಾಪಾರದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಹೇಗೆ ಕೊಡಬೇಕು ಎಂಬುದು ಈ ವಿಚಾರ ಸಂಕಿರಣದ ವಿಷಯ. ತಾಲ್ಲೂಕು ಕೇಂದ್ರವೊಂದರ ದಿನಸಿ ಅಂಗಡಿಯನ್ನು ಕಣ್ಣ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಅಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ, ಅದರೊಳಗೆ ಬಣ್ಣಬಣ್ಣದ ಡ್ಯಾಶ್‌ಬೋರ್ಡೂ ಇದೆ. ಮಾಲೀಕರು ಅದನ್ನು ತೆರೆಯುವುದಿಲ್ಲ. ತಂತ್ರಜ್ಞಾನ ಕಂಡರೆ ಅವರಿಗೆ ಭಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಮನುಷ್ಯ ದಿನವಿಡೀ ಯುಪಿಐನಲ್ಲಿ ಹಣ ಪಡೆಯುತ್ತಾರೆ, ವಾಟ್ಸಾಪಿನಲ್ಲಿ ಆರ್ಡರ್ ಕಳಿಸುತ್ತಾರೆ. ಡ್ಯಾಶ್‌ಬೋರ್ಡಿನ ಮುಂದೆ ಕೂತರೆ ಏನು ಕೇಳಬೇಕೆಂಬುದನ್ನೂ ಅವರೇ ಹುಡುಕಿಕೊಳ್ಳಬೇಕು. ಗಲ್ಲಾದ ಮುಂದೆ ಗಿರಾಕಿ ನಿಂತಿರುವಾಗ ಅಷ್ಟು ವ್ಯವಧಾನ ಎಲ್ಲಿಯದು? ಅವರು ವಾರಕ್ಕೊಮ್ಮೆ ತೀರ್ಮಾನಿಸಬೇಕಾದದ್ದು ಎರಡೇ: ಸೋಮವಾರ ಸಗಟು ಅಂಗಡಿಗೆ ಯಾವ ಮಾಲು ಎಷ್ಟು ಹೇಳಬೇಕು, ಯಾರ ಹತ್ತಿರ ಬಾಕಿ ಕೇಳಬೇಕು. ಇವೆರಡಕ್ಕೂ ನೆರವಾಗದ ಅಂಕಿ ಹಾಳೆಯಲ್ಲಿ ಇರಕೂಡದು.

ಮೊದಲು ದುಡ್ಡಿನ ಮಾತು. ಒಂದು ವಾರದ ವ್ಯಾಪಾರ 1,40,000 ರೂಪಾಯಿ ಎಂದುಕೊಳ್ಳೋಣ. ಅದರಲ್ಲಿ ನಗದು 62,000, ಯುಪಿಐ 51,000, ಉದ್ರಿ 27,000. ಅದೇ ವಾರ ಹಳೆ ಉದ್ರಿಯಲ್ಲಿ 19,000 ವಸೂಲಾಗಿದೆ. ಅಂದರೆ ಕೈಗೆ ಬಂದದ್ದು 1,32,000, ಊರಿನಲ್ಲಿ ನಿಂತ ಬಾಕಿ 8,000 ಹೆಚ್ಚಿತು. ಡ್ಯಾಶ್‌ಬೋರ್ಡ್ ಸಾಮಾನ್ಯವಾಗಿ 1,40,000ವನ್ನು ದಪ್ಪಕ್ಷರದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಮಾಲೀಕರು ಗಲ್ಲಾ ಮತ್ತು ಬ್ಯಾಂಕು ನೋಡಿ, ಲೆಕ್ಕ ಕೂಡದೆ, ಇಡೀ ಯಂತ್ರವೇ ಸುಳ್ಳು ಎಂದುಕೊಳ್ಳುತ್ತಾರೆ. ಆದ್ದರಿಂದ ನಮ್ಮ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಕೈಗೆ ಬಂದ ಹಣ. ಅದರ ಕೆಳಗೆ ಬಾಕಿ ಹೆಚ್ಚಿತೋ ಇಳಿಯಿತೋ ಎಂಬ ಒಂದು ಸಾಲು, ಪಕ್ಕದಲ್ಲಿ ಹೆಚ್ಚು ದಿನದಿಂದ ಕೊಡದ ಐದಾರು ಮನೆಗಳ ಹೆಸರು. ಗಲ್ಲಾದಿಂದಲೇ ಹಾಲಿನವರಿಗೆ, ತರಕಾರಿಯವರಿಗೆ ಕೊಟ್ಟ ಹಣವನ್ನೂ ಬರೆದುಕೊಳ್ಳದಿದ್ದರೆ ಈ ಲೆಕ್ಕವೂ ಕೂಡುವುದಿಲ್ಲ.

ಇನ್ನು ಮಾಲಿನ ಭಾಗ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಒಂದು ಲೀಟರಿನ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ತೆಗೆದುಕೊಳ್ಳಿ. ಹಿಂದಿನ ನಾಲ್ಕು ವಾರಗಳ ಸರಾಸರಿ 84, ಈ ವಾರ ಹೋದದ್ದು 60. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬಾಣ ಕೆಳಮುಖವಾಗಿ ನಿಂತಿರುತ್ತದೆ. ಅದನ್ನು ನಂಬಿದವರು ಮುಂದಿನ ವಾರ ಕಡಿಮೆ ಎಣ್ಣೆ ತರಿಸುತ್ತಾರೆ. ಆದರೆ ಬಿಲ್ಲುಗಳನ್ನು ದಿನವಾರು ಬಿಡಿಸಿ ನೋಡಿದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಸುಮಾರು 12 ಹೋಗಿದೆ, ಶನಿವಾರ ಮತ್ತು ಭಾನುವಾರ ಒಂದೂ ಇಲ್ಲ. ಹಳೆಯ ಸರಾಸರಿಯೂ ದಿನಕ್ಕೆ 12. ಬೇಡಿಕೆ ಇಳಿದಿಲ್ಲ, ಶುಕ್ರವಾರ ರಾತ್ರಿ ಮಾಲು ಖಾಲಿಯಾಗಿದೆ. ಹತ್ತಿರ ಹತ್ತಿರ 24 ಪ್ಯಾಕೆಟ್‌ನ ವ್ಯಾಪಾರ ಎದುರಿನ ಅಂಗಡಿಗೆ ಹೋಯಿತು. ಹೀಗಾಗಿ ಹಾಳೆಯಲ್ಲಿ ‘ಹೋದದ್ದು 60’ ಎಂಬುದರ ಪಕ್ಕದಲ್ಲೇ ‘ಮಾಲು ಇದ್ದ ದಿನ 5’ ಎಂದು ಇರಲೇಬೇಕು. ನನ್ನ ಮಟ್ಟಿಗೆ ಇಡೀ ಹಾಳೆಯ ಅತಿ ಬೆಲೆಯುಳ್ಳ ಅಂಕಣ ಇದು. ಶೇಕಡಾವಾರು ಇಲ್ಲಿ ಬೇಡ. ಎರಡು ಹೋಗುತ್ತಿದ್ದ ಶಾಂಪೂ ಬಾಟಲಿ ಮೂರು ಹೋದರೆ ಶೇ. 50 ಏರಿಕೆ ಎಂದು ಅದು ಸಂಭ್ರಮಿಸುತ್ತದೆ.

ಹೋಲಿಕೆಗೂ ಎಚ್ಚರ ಬೇಕು. ಸಂಬಳವಾದ ಮೊದಲ ವಾರವನ್ನು ತಿಂಗಳ ಕೊನೆಯ ವಾರದ ಪಕ್ಕ ಇಟ್ಟರೆ ಪ್ರತಿ ತಿಂಗಳೂ ಅಂಗಡಿ ಏಳುತ್ತದೆ, ಬೀಳುತ್ತದೆ. ಮೊದಲ ವಾರಕ್ಕೆ ಹಿಂದಿನ ತಿಂಗಳ ಮೊದಲ ವಾರವೇ ಜೋಡಿ. ಹಬ್ಬಕ್ಕೆ ಹಿಂದಿನ ವರ್ಷದ ಹಬ್ಬ ಜೋಡಿ, ತಾರೀಖಲ್ಲ: ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ ಬಂದಿತ್ತು. ತಾರೀಖು ಹಿಡಿದು ಹೋಲಿಸಿದವರಿಗೆ ಆಗಸ್ಟ್ ಚಿನ್ನದಂತೆ, ಸೆಪ್ಟೆಂಬರ್ ಕುಸಿದಂತೆ ಕಂಡಿರುತ್ತದೆ.

ರೂಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎ4 ಹಾಳೆ, ಒಂದೇ ಬದಿ, ಕಪ್ಪು ಶಾಯಿ, ಕನ್ನಡ, ನೂರಕ್ಕೆ ಸರಿಮಾಡಿದ ಮೊತ್ತ. ಮಾಲುಗಳು ಅಕಾರಾದಿಯಲ್ಲಿ ಬೇಡ, ಅಂಗಡಿಯಲ್ಲಿ ಇಟ್ಟಿರುವ ಸಾಲಿನಲ್ಲೇ ಬರಲಿ. ಆಗ ಹಾಳೆ ಹಿಡಿದು ನಡೆಯುತ್ತಲೇ ಆರ್ಡರ್ ಬರೆಯಬಹುದು. ಬಲಗಡೆ ಖಾಲಿ ಅಂಕಣ ಬಿಡಿ. ಎರಡು ತಿಂಗಳ ನಂತರ ಹಳೆ ಹಾಳೆಗಳನ್ನು ಕೇಳಿ ಪಡೆದು ನೋಡಿ. ಯಾವ ಸಾಲಿನ ಎದುರು ಒಮ್ಮೆಯೂ ಪೆನ್ನಿನ ಗುರುತು ಬಿದ್ದಿಲ್ಲವೋ ಅದನ್ನು ತೆಗೆಯಿರಿ.

ಬಗೆಹರಿಯದ ಒಂದು ತೊಡಕನ್ನು ನಿಮ್ಮ ಮುಂದಿಡುತ್ತೇನೆ. ಸಾಫ್ಟ್‌ವೇರಿನ ದಾಸ್ತಾನಿನ ಲೆಕ್ಕ ನಂಬುವಂತಿರುವುದಿಲ್ಲ, ಏಕೆಂದರೆ ಬಿಡಿ ಮಾಲು ಎಷ್ಟೋ ಸಲ ಬಿಲ್ಲಿಲ್ಲದೆ ಹೋಗುತ್ತದೆ. ದಿನಕ್ಕೆ 12 ಹೋಗುವ ಎಣ್ಣೆ ಎರಡು ದಿನ ಬಿಲ್ಲಿನಲ್ಲಿ ಕಾಣದಿದ್ದರೆ ಖಾಲಿಯಾಗಿದೆ ಎಂದು ಊಹಿಸಬಹುದು. ವಾರಕ್ಕೆ ಮೂರೇ ಹೋಗುವ ಮಾಲಿನಲ್ಲಿ ಎರಡು ದಿನದ ಸೊನ್ನೆಯಿಂದ ಏನೂ ತಿಳಿಯುವುದಿಲ್ಲ. ಅಂಥವಕ್ಕೆ ಅಂಗಡಿಯ ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕೇ, ಅಥವಾ ಅವನ್ನು ಹಾಳೆಯಿಂದಲೇ ಬಿಡಬೇಕೇ? ಮೊದಲ ಗೋಷ್ಠಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳಲಿ ಎಂದು ಕೋರುತ್ತೇನೆ.