ಮೂಳೆಯ ನೋವು: ರಕ್ತ ನಿಂತದ್ದೋ, ಕೀವು ತುಂಬಿದ್ದೋ?

ಸಿಕಲ್ ಸೆಲ್ ಅಥವಾ ಕುಡುಗೋಲು ಕಣದ ರಕ್ತಹೀನತೆಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ರಾಜ್ಯದಲ್ಲಿಯೂ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಜೇನು ಕುರುಬ, ಸೋಲಿಗ ಮೊದಲಾದ ಸಮುದಾಯಗಳಲ್ಲಿ ಇದು ಕಂಡುಬರುತ್ತದೆ. ಆದರೆ ತಂದೆತಾಯಿಯರಿಂದ ಮಕ್ಕಳಿಗೆ ಬರುವ ಈ ಕಾಯಿಲೆ ಜಿಲ್ಲೆಯ ಗಡಿ ನೋಡುವುದಿಲ್ಲ. ಆದ್ದರಿಂದ ನಮ್ಮ ಸುರಪುರ ಭಾಗದ ದೇವಾಪುರದ ಮನೆಯೊಂದರಲ್ಲಿ ಈ ಕಾಯಿಲೆಯಿರುವ ಒಂಬತ್ತು ವರ್ಷದ ಹುಡುಗನಿದ್ದಾನೆಂದು ಭಾವಿಸಿಕೊಳ್ಳೋಣ. ಅವನಿಗೆ ಎಡಗಾಲಿನ ಮೊಣಕಾಲ ಕೆಳಗೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಜೊತೆಗೆ ಜ್ವರ.

ಈ ನೋವಿಗೆ ಮುಖ್ಯವಾಗಿ ಎರಡು ಕಾರಣಗಳಿರಬಹುದು. ಕುಡುಗೋಲಿನಂತೆ ಬಾಗಿ ಬಿರುಸಾದ ಕೆಂಪು ರಕ್ತಕಣಗಳು ಮೂಳೆಯೊಳಗಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೆ, ಅದರಾಚೆಯ ಭಾಗಕ್ಕೆ ರಕ್ತ ಸಿಗದೆ ಅದು ಸಾಯುತ್ತದೆ. ವೈದ್ಯರು ಇದನ್ನು ಇನ್‌ಫಾರ್ಕ್ಷನ್ ಎನ್ನುತ್ತಾರೆ. ಎರಡನೆಯದು ಆಸ್ಟಿಯೋಮೈಲೈಟಿಸ್, ಅಂದರೆ ಮೂಳೆಯಲ್ಲಿ ರೋಗಾಣು ಸೇರಿ ಕೀವಾಗುವುದು. ಮೊದಲನೆಯದು ಎರಡನೆಯದಕ್ಕಿಂತ ಹಲವು ಪಟ್ಟು ಹೆಚ್ಚು. ಕಷ್ಟವೆಂದರೆ, ನೋವು, ಊತ, ಜ್ವರ, ಬಿಳಿ ರಕ್ತಕಣಗಳ ಹೆಚ್ಚಳ ಇವೆಲ್ಲ ಎರಡರಲ್ಲಿಯೂ ಇರುತ್ತವೆ. ಮೊದಲ ಹತ್ತು ದಿನಗಳ ಎಕ್ಸ್‌ರೇ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಆಮೇಲೆ ಕಾಣುವ ಬದಲಾವಣೆಗಳೂ ಎರಡಕ್ಕೂ ಒಂದೇ ತೆರನಾಗಿರಬಹುದು.

ಹಾಗಾದರೆ ಗುರುತಿಸುವುದು ಹೇಗೆ? ಮೊದಲ ಸುಳಿವು ದಿನಗಳ ಲೆಕ್ಕ. ಹುಡುಗನನ್ನು ಆಸ್ಪತ್ರೆಗೆ ಸೇರಿಸಿ, ನೋವಿಗೆ ತಕ್ಕಷ್ಟು ಔಷಧಿ ಮತ್ತು ಸಾಕಷ್ಟು ದ್ರವ ಕೊಟ್ಟು, ಮೈ ಬೆಚ್ಚಗಿಡುತ್ತಾರೆ. ರಕ್ತ ನಿಂತು ಬಂದ ನೋವಾದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇಳಿಮುಖವಾಗುತ್ತದೆ. ಹಲವು ಮೂಳೆಗಳಲ್ಲಿ ಏಕಕಾಲಕ್ಕೆ ನೋವಿರುವುದೂ ಉಂಟು. ಜ್ವರ ಇಳಿಯದೆ, ಒಂದೇ ಜಾಗದಲ್ಲಿ ಊತ ಹೆಚ್ಚುತ್ತಾ, ಮುಟ್ಟಿದರೆ ಮಗು ಕಿರುಚುವಂತಿದ್ದರೆ ಸೋಂಕಿನ ಶಂಕೆ ಬಲವಾಗುತ್ತದೆ. ಆರಂಭದಲ್ಲೇ, ಆಂಟಿಬಯೋಟಿಕ್ ಕೊಡುವ ಮೊದಲು, ರಕ್ತವನ್ನು ಕಲ್ಚರ್ ಪರೀಕ್ಷೆಗೆ ತೆಗೆದಿಡಬೇಕು. ಮೊದಲೇ ಔಷಧಿ ಬಿದ್ದರೆ ರೋಗಾಣು ಬೆಳೆಯದೆ, ಯಾವುದೆಂದು ತಿಳಿಯದೇ ಹೋಗಬಹುದು. ಆದರೆ ಮಗು ತೀರಾ ಅಸ್ವಸ್ಥವಾಗಿದ್ದರೆ ರಕ್ತ ತೆಗೆದ ಕೂಡಲೇ ಔಷಧಿ ಆರಂಭಿಸುವರು, ಫಲಿತಾಂಶಕ್ಕೆ ಕಾಯುವುದಿಲ್ಲ.

ನಮ್ಮ ಹುಡುಗನಿಗೆ ನಾಲ್ಕನೆಯ ದಿನವೂ ಜ್ವರ ಬಿಡಲಿಲ್ಲ. ಆಗ ಅಲ್ಟ್ರಾಸೌಂಡ್ ಮಾಡುತ್ತಾರೆ. ಮೂಳೆಯ ಮೇಲಿನ ಪೊರೆಯ ಅಡಿಯಲ್ಲಿ ಸೇರಿದ ದ್ರವದ ದಪ್ಪ 4 ಮಿಲಿಮೀಟರಿಗೆ ಮೀರಿದ್ದರೆ ಸೋಂಕಿನ ಸಾಧ್ಯತೆ ಹೆಚ್ಚು. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಸೋಂಕಿಲ್ಲವೆಂದಲ್ಲ. ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ. ಎಂ.ಆರ್.ಐ. ಸಹಾಯಕ, ಆದರೆ ಅದರಲ್ಲಿಯೂ ಎರಡರ ಚಿತ್ರ ಬೆರೆಯುತ್ತದೆ. ಕೊನೆಯ ತೀರ್ಪು ಸೂಜಿಯದು. ಹುಡುಗನಿಗೆ ದ್ರವ 6 ಮಿಲಿಮೀಟರ್ ಇತ್ತು. ಸೂಜಿಯಿಂದ ಎಳೆದಾಗ ಕೀವು ಬಂತು. ಕಲ್ಚರಿನಲ್ಲಿ ಸಾಲ್ಮೊನೆಲ್ಲಾ ಬೆಳೆಯಿತು. ಸಾಮಾನ್ಯ ಮಕ್ಕಳ ಮೂಳೆ ಸೋಂಕಿಗೆ ಹೆಚ್ಚಾಗಿ ಸ್ಟೆಫಿಲೋಕಾಕಸ್ ಕಾರಣ. ಈ ಮಕ್ಕಳಲ್ಲಿ ಸಾಲ್ಮೊನೆಲ್ಲಾ ಮುಂದೆ ನಿಲ್ಲುತ್ತದೆ, ಏಕೆಂದರೆ ರೋಗಾಣುಗಳನ್ನು ಸೋಸುವ ಗುಲ್ಮ, ಅಂದರೆ ಸ್ಪ್ಲೀನ್, ಎಳೆಯ ವಯಸ್ಸಿನಲ್ಲಿಯೇ ಕೆಲಸ ಕಳೆದುಕೊಂಡಿರುತ್ತದೆ. ಆದ್ದರಿಂದ ಆರಂಭದ ಔಷಧಿ ಎರಡನ್ನೂ ತಡೆಯುವಂತಿರಬೇಕು. ಕಲ್ಚರಿನ ವರದಿ ಬಂದ ಮೇಲೆ ಅದಕ್ಕೆ ತಕ್ಕಂತೆ ಬದಲಿಸಿ, ಸುಮಾರು ಆರು ವಾರ ಮುಂದುವರಿಸುತ್ತಾರೆ.

ಕೀವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾದಾಗ ಮೂಳೆ ತಜ್ಞರ ಮುಂದೆ ಇನ್ನೊಂದು ಎಚ್ಚರಿಕೆ ಇದೆ. ಮೈ ತಣ್ಣಗಾದರೆ, ನೀರಿನಂಶ ಇಳಿದರೆ, ಆಮ್ಲಜನಕ ಕಡಿಮೆಯಾದರೆ ಕಣಗಳು ಮತ್ತೆ ಬಾಗುತ್ತವೆ. ಅದಕ್ಕಾಗಿ ಹುಡುಗನ ಹಿಮೋಗ್ಲೋಬಿನ್ 7 ಗ್ರಾಂ ಇದ್ದರೆ ರಕ್ತ ಕೊಟ್ಟು ಸುಮಾರು 10ಕ್ಕೆ ಏರಿಸುತ್ತಾರೆ. ಅದನ್ನು ಮೀರಿದರೆ ರಕ್ತ ಗಟ್ಟಿಯಾಗಿ ಹರಿಯುವುದೇ ಕಷ್ಟವಾಗುತ್ತದೆ. ಶಸ್ತ್ರಕ್ರಿಯೆಯ ನಂತರ ಕಾಲಿಗೆ ಆಧಾರ ಕೊಟ್ಟು, ಸೋತ ಮೂಳೆ ಮುರಿಯದಂತೆ ಕೆಲವು ವಾರ ಭಾರ ಹಾಕಲು ಬಿಡುವುದಿಲ್ಲ.

ಮನೆಯವರು ಗಮನಿಸಬೇಕಾದದ್ದು ಇಷ್ಟು. ನೋವಿರುವ ಜಾಗಕ್ಕೆ ಮಂಜುಗಡ್ಡೆ ಇಡಬಾರದು. ತಂಪು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಉಳುಕಿರಬೇಕೆಂದು ತಿಕ್ಕಿಸುವುದು, ಬಿಗಿಯಾಗಿ ಕಟ್ಟು ಕಟ್ಟಿಸುವುದು ಬೇಡ. ಜ್ವರ ಬಂದ ಮಗುವನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಿಕಲ್ ಸೆಲ್ ಇದೆಯೆಂಬ ಪರೀಕ್ಷಾ ಚೀಟಿ ಜೊತೆಗಿರಲಿ, ಏಕೆಂದರೆ ಆ ಒಂದು ಮಾತು ತಿಳಿಯದಿದ್ದರೆ ವೈದ್ಯರಿಗೂ ಇದು ಮಾಮೂಲಿ ಕಾಲುನೋವಿನಂತೆಯೇ ಕಾಣಬಹುದು. ಮುಂದೆ ಎಂದಾದರೂ ತೊಡೆಸಂದಿನಲ್ಲಿ ನೋವು ಬಂದು ಮಗು ಕುಂಟತೊಡಗಿದರೆ ಅದನ್ನೂ ತೋರಿಸಿ. ತೊಡೆಮೂಳೆಯ ತಲೆಗೆ ರಕ್ತ ನಿಲ್ಲುವುದು ಇದೇ ಕಾಯಿಲೆಯ ಇನ್ನೊಂದು ಕೈಚಳಕ. ಅದು ಕುಸಿಯುವ ಮೊದಲು ಕಂಡುಹಿಡಿದರೆ ಕೀಲನ್ನು ಕಾಪಾಡುವ ಅವಕಾಶ ಹೆಚ್ಚು.